ಜೀರಿಗೆ–ಗಾರ್ಸಿನಿಯಾ ಡಿಟಾಕ್ಸ್ ಟೀ: ಮಳೆಗಾಲ ಪೂರ್ತಿ ಕುಡಿದ ಮೇಲೆ

ರೇಟಿಂಗ್: ಐದಕ್ಕೆ ಎರಡು. ಎರಡೂ ರುಚಿಗೆ.

ಕಾರವಾರದಲ್ಲಿ ನಾನು, ಶಿರಸಿಯಲ್ಲಿ ಅತ್ತಿಗೆ, ಇಬ್ಬರೂ ತೂಕ ಇಳಿಯಲಿ ಅಂತ ಒಂದೇ ಟೀ ತರಿಸಿ ಮಳೆಗಾಲ ಮುಗಿಯುವ ತನಕ ಕುಡಿದೆವು. ಪೆಟ್ಟಿಗೆಯಲ್ಲಿ ಎರಡು ಬಗೆ. ಬೆಳಿಗ್ಗೆಯದರಲ್ಲಿ ಜೀರಿಗೆ, ಶುಂಠಿ, ಗಾರ್ಸಿನಿಯಾ. ರಾತ್ರಿಯದರ ಮೇಲೆ ‘ಕ್ಲೆನ್ಸ್’ ಅಂತ ದೊಡ್ಡದಾಗಿ ಬರೆದಿತ್ತು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮೊದಲು ಓದುವುದು ಹಿಂಬದಿಯ ಸಣ್ಣಕ್ಷರ. ಅಲ್ಲಿ ‘ಸ್ವರ್ಣಪತ್ರಿ’ ಅಂತ ಇತ್ತು. ಅದು ಸೋನಾಮುಖಿ ಎಲೆ. ಮಲಬದ್ಧತೆಗೆ ನಾವು ದಿನಾ ಮಾರುವ ಮಾತ್ರೆಗಳಲ್ಲೂ ಇರುವುದು ಇದೇ. ಕೆಲವು ಪೊಟ್ಟಣಗಳಲ್ಲಿ ಸೆನ್ನಾ ಅಂತಲೂ ಬರೆದಿರುತ್ತಾರೆ.

ಈ ಎಲೆಯ ಸಾರ ಹೊಟ್ಟೆಯಲ್ಲಿ ಏನೂ ಮಾಡುವುದಿಲ್ಲ. ದೊಡ್ಡ ಕರುಳಿಗೆ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತವೆ. ಆಮೇಲೆ ಕರುಳು ಹಿಂಡುತ್ತದೆ, ನೀರನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಇದಕ್ಕೆ 6ರಿಂದ 12 ಗಂಟೆ ಬೇಕು, ಅದಕ್ಕೇ ರಾತ್ರಿ ಕುಡಿ ಅನ್ನುವುದು. ಆದರೆ ಉಂಡ ಅನ್ನ, ಎಣ್ಣೆ, ಬೆಲ್ಲ ಎಲ್ಲಾ ಅದಕ್ಕೂ ಮುಂಚೆ ಸಣ್ಣ ಕರುಳಿನಲ್ಲೇ ಮೈಗೆ ಸೇರಿ ಆಗಿರುತ್ತದೆ. ಬೆಳಿಗ್ಗೆ ಹೊರಗೆ ಹೋಗುವುದು ನೀರು, ಮಲ ಮತ್ತು ಒಂದಷ್ಟು ಪೊಟ್ಯಾಸಿಯಂ.

ಅತ್ತಿಗೆ ತೂಕ ಬರೆದಿಡುವವರು. ಶನಿವಾರ ಬೆಳಿಗ್ಗೆ 71.4. ಆ ರಾತ್ರಿ ಟೀ ಕುಡಿದು ಭಾನುವಾರ ಎದ್ದರೆ 70.2. ಫೋನ್ ಮಾಡಿ ಸಂಭ್ರಮಪಟ್ಟರು. 1.2 ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 9,000 ಕ್ಯಾಲೊರಿ ಖರ್ಚಾಗಬೇಕು, ಅಂದರೆ ನಾಲ್ಕೈದು ದಿನದ ಊಟ. ಒಂದು ರಾತ್ರಿಯಲ್ಲಿ ಎಲ್ಲಿಂದ ಸಾಧ್ಯ ಅತ್ತಿಗೆ, ಅಂದೆ. ಟೀ ನಿಲ್ಲಿಸಿ, ಎಂದಿನಂತೆ ಉಂಡು, ಮಂಗಳವಾರ ನೋಡಿದಾಗ 71.3. ಹೊಕ್ಕುಳ ಹತ್ತಿರ ಟೇಪು ಹಿಡಿದರೆ ಒಂದು ಸೆಂಟಿಮೀಟರ್ ಕೂಡ ಹೆಚ್ಚುಕಮ್ಮಿ ಇಲ್ಲ. ನಿಮ್ಮಲ್ಲೂ ಇಂಥ ಟೀ ಇದ್ದರೆ ಮೂರು ದಿನ ಬಿಟ್ಟು ತೂಗಿ ನೋಡಿ, ಗೊತ್ತಾಗುತ್ತದೆ.

ಬಿಡದೆ ಕುಡಿದರೆ ಬೇರೆ ತೊಂದರೆ. ಸೋನಾಮುಖಿ ಒಂದೆರಡು ವಾರ ಮೀರಿ ತೆಗೆದುಕೊಳ್ಳುವ ವಸ್ತುವಲ್ಲ. ಕಾಲು ಹಿಡಿದುಕೊಳ್ಳುವುದು, ಸುಸ್ತು, ಎದೆ ಬಡಿತ ತಪ್ಪಿದಂತಾಗುವುದು ಇವೆಲ್ಲ ಪೊಟ್ಯಾಸಿಯಂ ಇಳಿದ ಲಕ್ಷಣ ಆಗಿರಬಹುದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಹೃದಯಕ್ಕೆ ಡಿಜಾಕ್ಸಿನ್ ತೆಗೆದುಕೊಳ್ಳುವವರು ಈ ಪೊಟ್ಟಣ ಮುಟ್ಟುವುದೇ ಬೇಡ. ನಾವು ಇಬ್ಬರೂ ರಾತ್ರಿಯದನ್ನು ಬಿಟ್ಟೆವು, ಬೆಳಗಿನದು ಮುಂದುವರಿಯಿತು.

ಇನ್ನು ಗಾರ್ಸಿನಿಯಾ. ಹೆಸರು ಕೇಳಿ ಎಲ್ಲಿಯದೋ ಅಂದುಕೊಳ್ಳಬೇಡಿ, ನಮ್ಮ ಶಿರಸಿ–ಸಿದ್ದಾಪುರದ ಕಾಡಿನ ಉಪ್ಪಾಗೆ! ಬೀಜದಿಂದ ತುಪ್ಪ ತೆಗೆಯುತ್ತೇವೆ, ಸಿಪ್ಪೆ ಒಣಗಿಸಿ ಮಾರುತ್ತೇವೆ. ಆ ಸಿಪ್ಪೆಯ ಹುಳಿಯೇ ಕೊಬ್ಬು ತಡೆಯುತ್ತದೆ ಅನ್ನುವುದು ಮಾತ್ರೆ ಕಂಪನಿಗಳ ವಾದ. ಅಮೆರಿಕದಲ್ಲಿ 135 ಜನರ ಮೇಲೆ ಇದನ್ನು 12 ವಾರ ಪರೀಕ್ಷಿಸಿದರು, 1998ರಲ್ಲಿ ಫಲಿತಾಂಶ ಬಂತು. ಹುಳಿಯ ಸಾರ ತಿಂದವರಿಗಿಂತ ಸಾರವೇ ಇಲ್ಲದ ಸುಳ್ಳು ಮಾತ್ರೆ ತಿಂದವರು ಕಡಿಮೆಯೇನೂ ಇಳಿಯಲಿಲ್ಲ. ಸಾರದ ಮಾತ್ರೆಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಕೂಡಲೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಸಾರಿಗೆ ಹಾಕುವ ಒಂದು ಸಿಪ್ಪೆಗೆ ಹೆದರಬೇಕಿಲ್ಲ.

ಜೀರಿಗೆಯದು ಸ್ವಲ್ಪ ಬೇರೆ. ಇರಾನಿನಲ್ಲಿ ತೂಕ ಜಾಸ್ತಿ ಇದ್ದ 88 ಮಹಿಳೆಯರಿಗೆ ಊಟ ಕಡಿಮೆ ಮಾಡಿಸಿ, ಅರ್ಧದಷ್ಟು ಜನಕ್ಕೆ ದಿನಕ್ಕೆ 3 ಗ್ರಾಂ ಜೀರಿಗೆ ಪುಡಿ ಮೊಸರಿನಲ್ಲಿ ಕೊಟ್ಟರು. ಮೂರು ತಿಂಗಳಿಗೆ ಅವರು ಉಳಿದವರಿಗಿಂತ ಒಂದೂವರೆ ಕಿಲೋದಷ್ಟು ಜಾಸ್ತಿ ಇಳಿದರು. ಆದರೆ ಅವರು ತಿಂದದ್ದು ಪುಡಿ, ಅದೂ ಕಡಿಮೆ ಊಟದ ಜೊತೆ. ನೆನೆಸಿ ಸೋಸಿದ ನೀರಿನಲ್ಲಿ ಬರುವುದು ಪರಿಮಳ, ಒಂದಿಷ್ಟು ಸಾರ, ಅಷ್ಟೇ. ಹೊಟ್ಟೆ ಉಬ್ಬರಕ್ಕೆ ಹಿತ, ನಾನೂ ಒಪ್ಪುತ್ತೇನೆ.

ಹಾಗಾದರೆ ನನ್ನ ತೂಕ ಯಾಕೆ ಒಂದಿಷ್ಟು ಇಳಿಯಿತು? ಮೊದಲು ಅಂಗಡಿಯಲ್ಲಿ ದಿನಕ್ಕೆ ಮೂರು ಚಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಈ ಟೀ ಬಂದ ಮೇಲೆ ಆ ಮೂರೂ ಹೋದವು. ಬರೀ ಸಕ್ಕರೆಯದೇ ದಿನಕ್ಕೆ ಸುಮಾರು 120 ಕ್ಯಾಲೊರಿ, ತಿಂಗಳಿಗೆ ಹೆಚ್ಚುಕಮ್ಮಿ ಅರ್ಧ ಕಿಲೋ ಕೊಬ್ಬಿನಷ್ಟು. ಅತ್ತಿಗೆಗೆ ಇಳಿಯಲಿಲ್ಲ, ಅವರು ಜೀರಿಗೆ ಟೀ ಕುಡಿದ ಮೇಲೆ ಹಾಲು–ಬೆಲ್ಲ ಹಾಕಿದ ಕಷಾಯವನ್ನೂ ಬಿಟ್ಟಿರಲಿಲ್ಲ.

ಪೆಟ್ಟಿಗೆಗೆ 600 ರೂಪಾಯಿ. ಕಿರಾಣಿಯಿಂದ ನೂರು ಗ್ರಾಂ ಜೀರಿಗೆ ತಂದರೆ ಬೆಳಗಿನ ಟೀಯ ಕೆಲಸ ಎಷ್ಟೋ ದಿನ ನಡೆಯುತ್ತದೆ. ನಾನು ಮತ್ತೆ ತರಿಸುವುದಿಲ್ಲ. ಶುಂಠಿಯ ಖಾರ ಮಾತ್ರ ಚೆನ್ನಾಗಿತ್ತು.