ಲಿಸ್ಟಿಂಗ್‌ನಲ್ಲಿ ಒಂದು ಸುಳ್ಳೂ ಇರಲಿಲ್ಲ: ರಿಫರ್ಬಿಶ್ಡ್ ಗೇಮಿಂಗ್ ಡೆಸ್ಕ್‌ಟಾಪ್, ಹದಿನಾಲ್ಕು ತಿಂಗಳ ನಂತರ

"i7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್." ಬೆಲೆ 18,500 ರೂಪಾಯಿ. ಫೋಟೋದಲ್ಲಿ ಬಣ್ಣಬಣ್ಣದ ಫ್ಯಾನು. ನನ್ನ ಬಜೆಟ್ 20 ಸಾವಿರ. ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡಿ ನೆಮ್ಮದಿಯಾಗಿ ಮಲಗಿದೆ.

ವಿಜಯನಗರದ ಮನೆಗೆ ನಾಲ್ಕನೇ ದಿನ ಬಂತು. ಆನ್ ಮಾಡಿದಾಗ ಗೋಡೆ ತುಂಬ ನೀಲಿ, ಗುಲಾಬಿ ಬೆಳಕು. "ಏನೋ, ದೀಪಾವಳಿ ಸೀರಿಯಲ್ ಸೆಟ್ಟಾ?" ಅಂದರು ಅಮ್ಮ. ಜಿಟಿಎ 5 ಹಾಕಿದೆ. ಫುಲ್ ಎಚ್‌ಡಿಯಲ್ಲಿ, ಎಲ್ಲ ಸೆಟ್ಟಿಂಗೂ ಕಡಿಮೆ ಇಟ್ಟರೂ ಸೆಕೆಂಡಿಗೆ 17–18 ಫ್ರೇಮ್. ಕಾರು ಓಡುತ್ತಿರಲಿಲ್ಲ, ಕುಂಟುತ್ತಿತ್ತು.

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು Performance ನೋಡಿದೆ. ಸಿಪಿಯು ಹೆಸರು i7-2600. ಈ 2600ರಲ್ಲಿ ಮೊದಲ ಅಂಕಿ 2, ಅಂದರೆ ಎರಡನೇ ಜನರೇಷನ್. ಮಾರುಕಟ್ಟೆಗೆ ಬಂದದ್ದು 2011ರಲ್ಲಿ. i7 ಅಂದದ್ದು ನಿಜ, ಯಾವ i7 ಅಂತ ಅವರು ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಆದರೆ ಆಟ ಕುಂಟಿದ್ದು ಅದರಿಂದಲ್ಲ. ಆಟ ನಡೆಯುವಾಗ ಅದೇ ಪುಟದಲ್ಲಿ ಸಿಪಿಯು ಶೇಕಡಾ 30ರ ಆಸುಪಾಸಿನಲ್ಲಿತ್ತು, ಗ್ರಾಫಿಕ್ಸ್ ಕಾರ್ಡಿನ ಜಿಪಿಯು ಶೇಕಡಾ 100ಕ್ಕೆ ಅಂಟಿಕೊಂಡಿತ್ತು. ಪ್ರೊಸೆಸರ್ ಸುಮ್ನೆ ಕಾಯುತ್ತಿದೆ, ಕಾರ್ಡ್ ಏದುಸಿರು ಬಿಡುತ್ತಿದೆ ಅಂತ ಅರ್ಥ. GPU-Z ಅನ್ನೋ ಸಣ್ಣ ಉಚಿತ ಪ್ರೋಗ್ರಾಂ ಹಾಕಿ ನೋಡಿದೆ. ಅದು ತೋರಿಸಿದ್ದು ಇಷ್ಟು:

```
Name: NVIDIA GeForce GT 730
Memory Type: DDR3
Bus Width: 64 bit
Bandwidth: 14.4 GB/s
```

4 ಜಿಬಿ ನಿಜವಾಗಿಯೂ ಇತ್ತು. ಆದರೆ ಆ 4 ಜಿಬಿ ದೊಡ್ಡ ಗೋದಾಮು ಇದ್ದ ಹಾಗೆ, ಬಾಗಿಲು ಮಾತ್ರ ಒಬ್ಬ ನುಗ್ಗುವಷ್ಟು. Memory Type ಮತ್ತು Bus Width ಹೇಳೋದು ಆ ಬಾಗಿಲಿನ ಅಗಲವನ್ನು. ಇದೇ GT 730 ಹೆಸರಿನಲ್ಲಿ GDDR5 ಮೆಮೊರಿಯ ಕಾರ್ಡೂ ಇದೆ. ಅದರ Bandwidth, ಅಂದರೆ ಸೆಕೆಂಡಿಗೆ ಆ ಬಾಗಿಲು ದಾಟೋ ಡೇಟಾ, ಸುಮಾರು 40 ಜಿಬಿ. ಹಾಗಾಗಿ 1 ಜಿಬಿಯ ಆ ಕಾರ್ಡು ನನ್ನ 4 ಜಿಬಿಯದ್ದಕ್ಕಿಂತ ಆಟದಲ್ಲಿ ಮುಂದೆ. ಲಿಸ್ಟಿಂಗ್‌ನಲ್ಲಿ ಜಿಬಿ ಮಾತ್ರ ಕೊಟ್ಟು ಕಾರ್ಡಿನ ಹೆಸರು ಕೊಟ್ಟಿಲ್ಲ ಅಂದರೆ ಹೆಸರು ಕೇಳಿ. ಹೆಸರು ಸಿಕ್ಕಿದ ಮೇಲೆ ಮೆಮೊರಿ DDR3ನಾ GDDR5ಆ ಅಂತಲೂ ಕೇಳಿ.

ಮಾರಿದವರಿಗೆ ಫೋನ್ ಮಾಡಿದೆ. "ಸರ್, ಬರೆದಿರೋದರಲ್ಲಿ ಯಾವುದು ಬಂದಿಲ್ಲ ಹೇಳಿ." ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಒಂದು ವಾರ ಸಿಟ್ಟಿನಲ್ಲೇ ಇದ್ದೆ.

ಮುಂದಿನ ಶನಿವಾರ ಡಬ್ಬ ಸಮೇತ ಆಟೋ ಹತ್ತಿ ಎಸ್‌ಪಿ ರೋಡಿಗೆ ಹೋದೆ. ಹಳೇ GTX 1050 Ti ಒಂದು 6,000ಕ್ಕೆ ಸಿಕ್ಕಿತು. Bandwidth 112. ಅಂಗಡಿಯವರು ಅದನ್ನು ಹಾಕೋ ಮೊದಲು ಎಲ್ಲಕ್ಕೂ ಕರೆಂಟ್ ಕೊಡೋ ಎಸ್‌ಎಂಪಿಎಸ್ ಹೊರಗೆ ತೆಗೆದು ಪಕ್ಕದ ಚೀಟಿ ತೋರಿಸಿದರು. ದೊಡ್ಡದಾಗಿ 450W. ಕೆಳಗೆ ಸಣ್ಣಕ್ಷರದಲ್ಲಿ +12V, 16A. "ಹನ್ನೆರಡನ್ನ ಹದಿನಾರರಿಂದ ಗುಣಿಸಿ ಸರ್." 192 ವ್ಯಾಟ್. ಪ್ರೊಸೆಸರ್ರು ಮತ್ತು ಕಾರ್ಡು ಎರಡೂ ಕರೆಂಟ್ ಎಳೆಯೋದು ಮುಖ್ಯವಾಗಿ ಈ 12 ವೋಲ್ಟ್ ಲೈನಿನಿಂದ. ಪ್ರೊಸೆಸರ್‌ಗೆ 95, ಕಾರ್ಡಿಗೆ 75, ಅಲ್ಲಿಗೇ 170. ಫ್ಯಾನು, ಲೈಟು ಬೇರೆ. ಬೇಸಿಗೆಯಲ್ಲಿ ಆಟದ ಮಧ್ಯೆ ಪಟ್ ಅಂತ ಆಫ್ ಆಗುತ್ತೆ ಅಂದರು. ಒಳ್ಳೇ ಕಂಪನಿಯ ಎಸ್‌ಎಂಪಿಎಸ್‌ಗೆ ಇನ್ನೊಂದು 2,300.

ಒಟ್ಟು 26,800. ಬಜೆಟ್ ಹರಿದುಹೋಯಿತು. ಆದರೆ ಅದೇ ರಾತ್ರಿ ಅದೇ ಆಟ 55–60 ಫ್ರೇಮಿನಲ್ಲಿ ಓಡಿತು. ಹದಿನೈದು ವರ್ಷದ ಹತ್ತಿರದ ಪ್ರೊಸೆಸರ್ ಇದು ಅಂತ ನನಗೇ ನಂಬಿಕೆ ಬರಲಿಲ್ಲ.

ಅವತ್ತಿನಿಂದ ಇದರ ಮೇಲೆ ಮುನಿಸು ಕಡಿಮೆಯಾಗಿದೆ. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಪಕ್ಕದ ಗಾಜು ಬಿಚ್ಚಿ, ಪೇಂಟ್ ಬ್ರಶ್ಶಿನಲ್ಲಿ ಧೂಳು ಹೊಡೆಯುತ್ತೇನೆ. ಫ್ಯಾನ್ ತಿರುಗದ ಹಾಗೆ ಒಂದು ಬೆರಳು ಒತ್ತಿಟ್ಟುಕೊಂಡು, ಒಂದೊಂದೇ ರೆಕ್ಕೆ. ಎದುರುಗಡೆ ಮೂರನೇ ಮಹಡಿ ಏಳುತ್ತಿದೆ, ಸಿಮೆಂಟು ಧೂಳು ಜಾಸ್ತಿ.

ಆಗದ ಕೆಲಸವೂ ಇದೆ. ಈ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ಆ ಪಟ್ಟಿ ಶುರುವಾಗೋದು ಎಂಟನೇ ಜನರೇಷನ್ನಿಂದ. ವಿಂಡೋಸ್ 10ರ ಮಾಮೂಲಿ ಬೆಂಬಲ ಅಕ್ಟೋಬರ್ 2025ಕ್ಕೆ ಮುಗಿಯಿತು. ಈ ಪ್ರೊಸೆಸರ್‌ನಲ್ಲಿ AVX2 ಅನ್ನೋ, ಲೆಕ್ಕ ಬೇಗ ಮಾಡಿಸೋ ಸೂಚನೆಗಳ ಗುಂಪು ಇಲ್ಲ, ಅದು ಬೇಕು ಅನ್ನೋ ಕೆಲವು ಹೊಸ ಆಟಗಳು ತೆರೆಯೋದೇ ಇಲ್ಲ. ನಾನು ಆಡೋದು ಹಳೇ ಆಟ, ನನಗೆ ನಡೆಯುತ್ತೆ. ಹೊಸ ಆಟ ಬೇಕಾದವರು ಇದನ್ನು ಮುಟ್ಟಬೇಡಿ.

ಐದಕ್ಕೆ ಮೂರು ಸ್ಟಾರ್. ಆ GT 730 ಈಗ ಅಪ್ಪನ ಕಂಪ್ಯೂಟರ್‌ನಲ್ಲಿದೆ. ಅವರು ಇಸ್ಪೀಟ್ ಬಿಟ್ಟು ಬೇರೆ ಆಡೋದಿಲ್ಲ. "ಗ್ರಾಫಿಕ್ಸ್ ಚೆನ್ನಾಗಿದೆ ಕಣೋ" ಅಂದರು.