ಕೋಹಾರ್ಟ್ ಟೇಬಲ್: ಎರಡು ವರ್ಷ ನೋಡಿದ ಮೇಲೆ ಬರೆಯುತ್ತಿದ್ದೇನೆ

ಗೋಣಿಕೊಪ್ಪದ ಹತ್ತಿರ ನಮ್ಮದು ಸಣ್ಣ ವ್ಯಾಪಾರ. ಕಾಫಿ ಪುಡಿ, ಕರಿಮೆಣಸು, ಜೇನು, ಸ್ವಲ್ಪ ಕಾಚಂಪುಳಿ. ಪ್ಯಾಕಿಂಗ್ ಅತ್ತಿಗೆಯದು, ಲೆಕ್ಕ ನನ್ನದು. ನಮ್ಮ ಆನ್‌ಲೈನ್ ಅಂಗಡಿ ಯಾವ ಸೇವೆಯ ಮೇಲೆ ನಡೆಯುತ್ತದೋ ಅದರಲ್ಲೇ ‘ಕೋಹಾರ್ಟ್’ ಅಂತ ಒಂದು ವರದಿ ಇದೆ. ಯಾವ ತಿಂಗಳು ಮೊದಲು ಕೊಂಡರು ಅಂತ ಗಿರಾಕಿಗಳನ್ನು ಗುಂಪು ಮಾಡಿ, ಆಮೇಲೆ ಎಷ್ಟು ಜನ ಮರಳಿದರು ಅಂತ ತೋರಿಸುವ ಟೇಬಲ್ ಅದು. 2023ರ ಸೆಪ್ಟೆಂಬರ್‌ನಿಂದ ಅದನ್ನು ನೋಡುತ್ತಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಯಾಕೆ ಕಡಿದೆ ಅಂತ ಮುಂದೆ ಹೇಳುತ್ತೇನೆ.

ಟೇಬಲ್ ನೋಡೋದಕ್ಕೆ ಮೆಟ್ಟಿಲ ಹಾಗಿರುತ್ತದೆ. ಒಂದು ತಿಂಗಳಲ್ಲಿ ಮೊದಲ ಸಲ ಕೊಂಡವರೆಲ್ಲ ಒಂದು ಸಾಲು. ಎಡದಿಂದ ಬಲಕ್ಕೆ 0, 1, 2, 3 ಅಂತ ತಿಂಗಳುಗಳು. 0 ಅಂದರೆ ಮೊದಲು ಕೊಂಡ ತಿಂಗಳೇ, ಅಲ್ಲಿ ಯಾವಾಗಲೂ 100%. 3ರ ಕೆಳಗೆ 12% ಇದ್ದರೆ, ಆ ಗುಂಪಿನ ನೂರರಲ್ಲಿ ಹನ್ನೆರಡು ಜನ ಮೂರನೇ ತಿಂಗಳಲ್ಲಿ ಮತ್ತೆ ಏನೋ ಕೊಂಡರು ಅಂತ ಅರ್ಥ. ಕೆಳಗಿನ ಸಾಲುಗಳಲ್ಲಿ ಬಲಗಡೆ ಖಾಲಿ ಇರುತ್ತದೆ. ಆ ತಿಂಗಳುಗಳು ಇನ್ನೂ ಬಂದಿಲ್ಲ, ಅಷ್ಟೇ. ನಾನು ಮೊದಲು ಅದನ್ನು ಸೊನ್ನೆ ಅಂದುಕೊಂಡು ಗಾಬರಿಯಾಗಿದ್ದೆ.

ಈಗ ನಮ್ಮ ಕಥೆ. 2023ರ ಅಕ್ಟೋಬರ್‌ನಲ್ಲಿ ದಸರಾ, ದೀಪಾವಳಿ ಅಂತ ರಿಯಾಯಿತಿ ಹಾಕಿ 54,000 ರೂಪಾಯಿ ಜಾಹೀರಾತಿಗೆ ಸುರಿದೆವು. ಜಾಹೀರಾತಿನಿಂದ 180 ಹೊಸ ಗಿರಾಕಿಗಳು ಬಂದರು. ಜಾಹೀರಾತು ನೋಡಿಕೊಳ್ಳುವ ಮೈಸೂರಿನ ಹುಡುಗ ಫೋನ್ ಮಾಡಿ, “ಅಕ್ಕ, ಒಬ್ಬರಿಗೆ ಬರೀ ಮುನ್ನೂರು ರೂಪಾಯಿ ಬಿದ್ದಿದೆ, ಸೂಪರ್ ಅಲ್ವಾ” ಅಂದ. ನಾನೂ ಖುಷಿಪಟ್ಟೆ.

ಫೆಬ್ರವರಿಯಲ್ಲಿ ಬೇರೆ ಥರ ಮಾಡಿದೆವು. ರಿಯಾಯಿತಿ ಇಲ್ಲ. ಹೊಸ ಅರೇಬಿಕಾ ಹುರಿದ ದಿನಾಂಕ ತೋರಿಸುವ ಒಂದು ವಿಡಿಯೋ, ಅಷ್ಟೇ. 28,000 ಖರ್ಚಾಯಿತು, ಸಿಕ್ಕಿದ್ದು 70 ಜನ. ತಲೆಗೆ 400. “ಇದು ದುಬಾರಿ, ನಿಲ್ಲಿಸಿಬಿಡೋಣ ಅಕ್ಕ” ಅಂದ ಹುಡುಗ. ನಿಲ್ಲಿಸಿಯೂಬಿಟ್ಟೆವು.

ಆರು ತಿಂಗಳು ಕಳೆದ ಮೇಲೆ ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ಅಕ್ಟೋಬರ್ ಸಾಲು ತಿಂಗಳಿಗೆ 4%ರ ಆಸುಪಾಸಿನಲ್ಲಿ ತೆವಳುತ್ತಿತ್ತು. ಫೆಬ್ರವರಿ ಸಾಲು ಹೆಚ್ಚಿನ ತಿಂಗಳುಗಳಲ್ಲಿ 20% ದಾಟಿತ್ತು.

ಇಲ್ಲೇ ಮೊದಲ ಅರ್ಧ ನಕ್ಷತ್ರ ಹೋಯಿತು. ಈ ವರದಿ ಆರ್ಡರ್ ಬಿದ್ದ ಕೂಡಲೇ ಅವರನ್ನು ಗಿರಾಕಿ ಅಂತ ಎಣಿಸುತ್ತದೆ. ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಬೇಡ ಅಂತ ವಾಪಸ್ ಕಳಿಸಿದವರೂ ಅದರಲ್ಲಿರುತ್ತಾರೆ. ಅಕ್ಟೋಬರ್‌ನ 180ರಲ್ಲಿ 30 ಜನ ಹಾಗೆ. ಮೂಲೆ ನಜ್ಜುಗುಜ್ಜಾದ ಡಬ್ಬಗಳನ್ನು ಅತ್ತಿಗೆ ಜಗುಲಿಯ ಮೇಲೆ ಜೋಡಿಸಿಟ್ಟಿದ್ದು ನೆನಪಿದೆ. ದುಡ್ಡು ಕೊಡದವರು ಮತ್ತೆ ಬರಲಿಲ್ಲ ಅಂತ ಲೆಕ್ಕ ಹಾಕುವುದಾದರೂ ಹೇಗೆ? ಅವರನ್ನು ತೆಗೆದರೆ ಉಳಿದದ್ದು 150. ತಿಂಗಳಿಗೆ ಮರಳುವವರು 5% ಆದರು, ಆದರೆ ತಲೆಗೆ ಖರ್ಚು 300ರಿಂದ 360ಕ್ಕೆ ಏರಿತು.

ಆಮೇಲೆ ಲಾಭದ ಲೆಕ್ಕ. ರಿಯಾಯಿತಿ ಕೊಟ್ಟಿದ್ದರಿಂದ ಅಕ್ಟೋಬರ್‌ನ ಮೊದಲ ಆರ್ಡರ್‌ನಲ್ಲಿ ಉಳಿದದ್ದು 90 ರೂಪಾಯಿ. ಆರು ತಿಂಗಳಲ್ಲಿ ಆ 150 ಜನರಿಂದ ಮತ್ತೆ ಬಂದದ್ದು 45 ಆರ್ಡರ್. ಒಂದೊಂದರಲ್ಲಿ 200 ಉಳಿದರೆ 9,000, ತಲೆಗೆ ಹಂಚಿದರೆ 60. ಒಟ್ಟು 150 ಬಂತು, ಹೋಗಿದ್ದು 360. ಫೆಬ್ರವರಿಯವರಲ್ಲಿ ಮೊದಲ ಆರ್ಡರ್‌ಗೇ 200 ಉಳಿದಿತ್ತು. ಅವರು ಮತ್ತೆ 84 ಆರ್ಡರ್ ಕೊಟ್ಟರು, ತಲೆಗೆ 240. ಒಟ್ಟು 440. ಹಾಕಿದ 400 ಹಾಗೂ ಹೀಗೂ ವಾಪಸ್ ಬಂತು. ದುಬಾರಿ ಅಂತ ನಿಲ್ಲಿಸಿದ್ದೇ ದುಡಿಯುತ್ತಿತ್ತು.

ಒಂದು ಮಾತು. ಆ 84 ಆರ್ಡರ್ ಕೊಟ್ಟವರು ಬರೀ 26 ಜನ. ಒಂದೇ ಮನೆಯವರು ತಿಂಗಳು ತಿಂಗಳೂ ಪುಡಿ ತರಿಸುತ್ತಾರೆ. ಹಾಗಾಗಿ ಸಾಲಿನ ಶೇಕಡಾಗಳನ್ನು ಕೂಡಿಸಿ “ಇಷ್ಟು ಜನ ಮರಳಿದರು” ಅನ್ನಬೇಡಿ, ಒಬ್ಬರನ್ನೇ ನಾಲ್ಕು ಸಲ ಎಣಿಸಿದಂತಾಗುತ್ತದೆ. ಎಪ್ಪತ್ತು ಜನ ಅಂದರೆ ಗುಂಪೂ ಸಣ್ಣದೇ. ಮೂರು ಮನೆಯವರು ಬ್ರ್ಯಾಂಡ್ ಬದಲಿಸಿದರೆ ಟೇಬಲ್‌ನ ಒಂದು ಕೋಶ 20%ರಿಂದ ಸುಮಾರು 16%ಕ್ಕೆ ಇಳಿಯುತ್ತದೆ. ಒಂದು ಕೋಶ ನೋಡಿ ತೀರ್ಮಾನ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ಇನ್ನು ಜುಲೈ. ಫೆಬ್ರವರಿ ಸಾಲಿನ ಐದನೇ ತಿಂಗಳು 9%ಕ್ಕೆ ಕುಸಿದಿತ್ತು. ಗಿರಾಕಿ ಹೋದರು ಅಂತ ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಏಪ್ರಿಲ್ ಸಾಲಿನ ಮೂರನೇ ತಿಂಗಳ ಕೋಶ, ಮೇ ಸಾಲಿನ ಎರಡನೇ ತಿಂಗಳದ್ದು, ಜೂನ್ ಸಾಲಿನ ಒಂದನೇ ತಿಂಗಳದ್ದು, ಎಲ್ಲವೂ ಇಳಿದಿದ್ದವು. ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಓರೆಯಾಗಿ ಒಂದು ಗೆರೆ. ಆ ಓರೆ ಗೆರೆ ಪೂರ್ತಿ ಒಂದೇ ತಿಂಗಳು, ಜುಲೈ. ಆ ಮಳೆಯಲ್ಲಿ ಕೊರಿಯರ್ ಗಾಡಿ ದಿನಗಟ್ಟಲೆ ಬಂದಿರಲಿಲ್ಲ, ನಾವೇ ಸೈಟ್‌ನಲ್ಲಿ ‘ತಡವಾಗುತ್ತದೆ’ ಅಂತ ಬೋರ್ಡ್ ಹಾಕಿದ್ದೆವು. ಇಳಿತ ಒಂದು ಸಾಲಿನಲ್ಲಿ ಮಾತ್ರ ಇದ್ದರೆ ಆ ಗುಂಪಿನಲ್ಲಿ ಏನೋ ಇದೆ. ಓರೆಯಾಗಿ ಇದ್ದರೆ ಆ ತಿಂಗಳಲ್ಲಿ ಏನೋ ಆಗಿದೆ. ಈ ಟೇಬಲ್‌ನಿಂದ ನಾನು ಕಲಿತದ್ದರಲ್ಲಿ ಇದೇ ಜಾಸ್ತಿ ಉಪಯೋಗಕ್ಕೆ ಬಂದದ್ದು.

ಉಳಿದ ಒಂದು ನಕ್ಷತ್ರ ಹೋದದ್ದು ಸೋಸುವ ವಿಷಯಕ್ಕೆ. ನಮ್ಮ ಪ್ಲಾನ್‌ನಲ್ಲಿ ಎಲ್ಲ ಗಿರಾಕಿಗಳೂ ಒಂದೇ ಸಾಲಿನಲ್ಲಿ ಬೀಳುತ್ತಾರೆ. ಅಂಗಡಿಗೆ ಬಂದು ಕಾಫಿ ಕುಡಿದು ಹೋಗಿ, ಊರಿಗೆ ಮರಳಿ ಆರ್ಡರ್ ಮಾಡುವ ಪ್ರವಾಸಿಗರು ಹೇಗೂ ಮತ್ತೆ ಮತ್ತೆ ಕೊಳ್ಳುತ್ತಾರೆ. ಅವರು ಜಾಹೀರಾತಿನವರ ಜೊತೆ ಬೆರೆತರೆ ಸಾಲು ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಆರ್ಡರ್‌ಗಳನ್ನು ಇಳಿಸಿಕೊಂಡು ಗೂಗಲ್ ಶೀಟ್ಸ್‌ನಲ್ಲಿ ನಾನೇ ಮಾಡುತ್ತೇನೆ. ವಾಪಸ್ ಬಂದ ಪಾರ್ಸೆಲ್‌ಗಳನ್ನು ಮೊದಲೇ ಅಳಿಸುತ್ತೇನೆ. A ಕಾಲಮ್‌ನಲ್ಲಿ ಫೋನ್ ನಂಬರ್, Bಯಲ್ಲಿ ಆರ್ಡರ್ ದಿನಾಂಕ. Dಯಲ್ಲಿ ಆ ನಂಬರಿನ ಮೊದಲ ಆರ್ಡರ್ ದಿನ, Eಯಲ್ಲಿ ಎಷ್ಟನೇ ತಿಂಗಳು ಅಂತ ಬರುತ್ತದೆ:

```
D2: =MINIFS(B:B, A:A, A2)
E2: =DATEDIF(EOMONTH(D2,-1)+1, EOMONTH(B2,-1)+1, "M")
```

ಗಿರಾಕಿ ಎಲ್ಲಿಂದ ಬಂದರು ಅನ್ನುವುದನ್ನು ಅವರ ಮೊದಲ ಆರ್ಡರ್‌ನಿಂದಲೇ ತೆಗೆದುಕೊಳ್ಳಿ. ಹಳೆಯ ಗಿರಾಕಿ ಜಾಹೀರಾತು ಒತ್ತಿ ಬಂದರೂ ಹೊಸಬರಾಗುವುದಿಲ್ಲ. ಇಮೇಲ್‌ಗಿಂತ ಫೋನ್ ನಂಬರ್ ವಾಸಿ. ಆದರೂ ಗಂಡನ ನಂಬರಿನಿಂದ ಒಮ್ಮೆ, ಹೆಂಡತಿಯ ನಂಬರಿನಿಂದ ಒಮ್ಮೆ ತರಿಸಿದರೆ ಇಬ್ಬರು ಅಂತಲೇ ಆಗುತ್ತದೆ, ಅದಕ್ಕೆ ಮದ್ದಿಲ್ಲ. ಇನ್ನೊಂದು, ಇದು ಕ್ಯಾಲೆಂಡರ್ ತಿಂಗಳ ಲೆಕ್ಕ. ಅಕ್ಟೋಬರ್ 30ಕ್ಕೆ ಕೊಂಡು ನವೆಂಬರ್ 2ಕ್ಕೆ ಮತ್ತೆ ಕೊಂಡವರು ‘ಒಂದನೇ ತಿಂಗಳು’ ಕೋಶಕ್ಕೆ ಬೀಳುತ್ತಾರೆ, ನಡುವೆ ಮೂರೇ ದಿನ ಇದ್ದರೂ.

2023ರ ಅಕ್ಟೋಬರ್ ಸಾಲಿನ ಆಸೆ ಬಿಟ್ಟಿದ್ದೆ. 2024ರ ಅಕ್ಟೋಬರ್‌ನಲ್ಲಿ, ಅಂದರೆ 12ನೇ ಕೋಶದಲ್ಲಿ, ಇದ್ದಕ್ಕಿದ್ದಂತೆ 10%. ಹದಿನೈದು ಜನ ಮತ್ತೆ ಬಂದಿದ್ದರು. ಆರ್ಡರ್ ತೆಗೆದು ನೋಡಿದೆ. ಹೆಚ್ಚಿನವರು ಗಿಫ್ಟ್ ಡಬ್ಬ ತರಿಸಿದ್ದರು, ಬಿಲ್ಲಿನ ಹೆಸರು ಒಂದು, ತಲುಪಬೇಕಾದ ವಿಳಾಸ ಇನ್ನೊಂದು. ಅವರು ಕಾಫಿ ಕುಡಿಯುವ ಗಿರಾಕಿಗಳೇ ಅಲ್ಲ, ಹಬ್ಬಕ್ಕೆ ಉಡುಗೊರೆ ಕೊಡುವವರು. ತಲೆಗೆ ಇನ್ನೊಂದು 35 ರೂಪಾಯಿ ಸೇರಿತು. ಆದರೂ 360 ಮುಟ್ಟಲಿಲ್ಲ.

ಈಗ ಅವರಿಗೆ ಸೆಪ್ಟೆಂಬರ್ ಕೊನೆಯಲ್ಲಿ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಕಳಿಸುತ್ತೇವೆ. ಜಾಹೀರಾತಿನ ದುಡ್ಡು ಫೆಬ್ರವರಿಗೆ ಹೋಗುತ್ತದೆ. ಹುಡುಗ ಈಗಲೂ ಒಬ್ಬರಿಗೆ ಎಷ್ಟು ಬಿತ್ತು ಅಂತಲೇ ಮೊದಲು ಹೇಳುತ್ತಾನೆ. “ಆಗಸ್ಟ್‌ನಲ್ಲಿ ಮಾತಾಡೋಣ ಮಾರಾಯ” ಅಂತೀನಿ.