ಸಹಸ್ರನಾಮ, ಜಪ, ವ್ರತಕಥೆ, ಶಾರ್ಟ್ಸ್: ಗ್ರಾಫ್ ನೋಡಿ ಯಾವುದು ಉಳಿಸಿದೆವು, ಯಾವುದು ಬಿಟ್ಟೆವು

ನಮ್ಮದು ಚಿಕ್ಕ ಭಕ್ತಿ ಚಾನೆಲ್. ಅತ್ತಿಗೆ ಹಾಡುತ್ತಾರೆ, ರೆಕಾರ್ಡಿಂಗ್ ಮತ್ತು ಎಡಿಟಿಂಗ್ ನನ್ನ ಪಾಲು. ನಾಲ್ಕು ಬಗೆಯ ವಿಡಿಯೋ ಹಾಕುತ್ತಿದ್ದೆವು. ಪರದೆ ಮೇಲೆ ಸಾಹಿತ್ಯ ಬರುವ ಪೂರ್ತಿ ಸ್ತೋತ್ರ, ಒಂದೇ ಮಂತ್ರ ಗಂಟೆಗಟ್ಟಲೆ ಓಡುವ ಜಪ, ಏಳು ನಿಮಿಷದ ವ್ರತಕಥೆ, ಆಮೇಲೆ ಶಾರ್ಟ್ಸ್. ನಾಲ್ಕನ್ನೂ ನಡೆಸಿಕೊಂಡು ಹೋಗುವಷ್ಟು ಬಿಡುವು ಇಬ್ಬರಿಗೂ ಇಲ್ಲ. ವ್ಯೂಸ್ ನೋಡಿ ತೀರ್ಮಾನ ಮಾಡೋಣ ಅಂದರೆ ಅದು ಆಗದ ಮಾತು, ಯಾಕಂದರೆ ವೈಕುಂಠ ಏಕಾದಶಿ ಬಂತು ಅಂದರೆ ವಿಷ್ಣುವಿನ ಹೆಸರಿರುವ ಯಾವ ವಿಡಿಯೋ ಆದರೂ ಏರುತ್ತದೆ, ಮರುದಿನ ಇಳಿಯುತ್ತದೆ. ಹಾಗಾಗಿ ವಿಡಿಯೋದ ಯಾವ ಹೊತ್ತಿನಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಎಂದು ಗೆರೆಯಲ್ಲಿ ತೋರಿಸುವ, ಯೂಟ್ಯೂಬ್ ಸ್ಟುಡಿಯೋದ ರಿಟೆನ್ಷನ್ ಗ್ರಾಫ್ ಹಿಡಿದು ಕೂತೆ.

ಮೊದಲು ಶೇಕಡಾ ಲೆಕ್ಕದ ವಿಷಯ. ಒಂದು ಗಂಟೆಯ ಜಪದ ವಿಡಿಯೋವನ್ನು ಜನ ಸರಾಸರಿ ಶೇ. 18 ನೋಡಿದರು, ಏಳು ನಿಮಿಷದ ಕಥೆಯನ್ನು ಶೇ. 45 ನೋಡಿದರು ಅಂದುಕೊಳ್ಳಿ. ಕಥೆ ಗೆದ್ದಂತೆ ಕಾಣುತ್ತದೆ ಅಲ್ವಾ? ನಿಮಿಷಕ್ಕೆ ತಿರುಗಿಸಿ. ಜಪಕ್ಕೆ ಸುಮಾರು 11 ನಿಮಿಷ, ಕಥೆಗೆ ಮೂರು ನಿಮಿಷ ಚಿಲ್ಲರೆ. ಬೇರೆ ಬೇರೆ ಉದ್ದದ ವಿಡಿಯೋಗಳನ್ನು ಶೇಕಡಾದಲ್ಲಿ ಹೋಲಿಸಲೇಬಾರದು. ಗ್ರಾಫ್ ಹಿಂದೆ ಕಾಣುವ ಬೂದು ಪಟ್ಟಿ ಕೂಡ ನಿಮ್ಮದೇ ಹೆಚ್ಚುಕಡಿಮೆ ಅಷ್ಟೇ ಉದ್ದದ ವಿಡಿಯೋಗಳ ಜೊತೆ ಹೋಲಿಸುವುದು. ಅಂದರೆ ಅದು ಕಥೆಗೂ ಕಥೆಗೂ ನಡುವೆ ಉಪಯೋಗಕ್ಕೆ ಬರುತ್ತದೆ, ಕಥೆಗೂ ಜಪಕ್ಕೂ ನಡುವೆ ಅಲ್ಲ.

ಈಗ ಸಹಸ್ರನಾಮ. ನಾಲ್ಕರಲ್ಲಿ ನೋಡುವುದಕ್ಕೆ ಮಜವಾದ ಗ್ರಾಫ್ ಇದರದ್ದು. ವಿಡಿಯೋ ಸುಮಾರು ಅರ್ಧ ಗಂಟೆ. ಮೊದಲು ನನ್ನ ಧ್ವನಿಯಲ್ಲಿ "ಎಲ್ಲರಿಗೂ ನಮಸ್ಕಾರ, ಚಾನೆಲ್‌ಗೆ ಸ್ವಾಗತ" ಅನ್ನುವ ಮಾತು, ಆಮೇಲೆ ಪೂರ್ವಪೀಠಿಕೆ, ಧ್ಯಾನಶ್ಲೋಕ, ಅದಾದ ಮೇಲೆ "ವಿಶ್ವಂ ವಿಷ್ಣುಃ" ಎಂದು ನಾಮಗಳು ಶುರು. ಕೊನೆಗೆ ಉತ್ತರಪೀಠಿಕೆ. ಗ್ರಾಫ್‌ನಲ್ಲಿ ಮೊದಲ ಅರ್ಧ ನಿಮಿಷದಲ್ಲಿ ಒಂದು ದೊಡ್ಡ ಇಳಿತ. ಪೀಠಿಕೆ ಉದ್ದಕ್ಕೂ ಗೆರೆ ತಗ್ಗಿನಲ್ಲೇ ಓಡುತ್ತದೆ. "ವಿಶ್ವಂ" ಬಂದ ಕೂಡಲೇ ಮತ್ತೆ ಮೇಲೆ ಬರುತ್ತದೆ. ಅಲ್ಲಿಂದ ಹತ್ತಿರಹತ್ತಿರ ಸಮತಟ್ಟು. "ಶ್ರೀ ರಾಮ ರಾಮ ರಾಮೇತಿ" ಇರುವ ಕಡೆ ಇನ್ನೊಂದು ಪುಟ್ಟ ಏರು.

ಇಲ್ಲಿ ನೋಡಬೇಕಾದದ್ದು ಒಂದೇ. ಇಳಿದ ಗೆರೆ ಮತ್ತೆ ಏರಿತಾ? ಏರಿದರೆ ಜನ ಎದ್ದು ಹೋಗಿಲ್ಲ, ಮುಂದಕ್ಕೆ ಹಾರಿಸಿದ್ದಾರೆ. ಇಳಿದದ್ದು ಇಳಿದೇ ಇದ್ದರೆ ಹೋದವರು ಹೋದರು. ನಮ್ಮ ಗ್ರಾಫ್‌ನಲ್ಲಿ ಎರಡೂ ಇದ್ದವು. ಇಳಿದವರಲ್ಲಿ ಎಲ್ಲರೂ ವಾಪಸ್ ಬರಲಿಲ್ಲ, ಆದರೆ ಸುಮಾರು ಜನ "ವಿಶ್ವಂ"ಗೆ ಬಂದು ಕೂತಿದ್ದರು.

ಹಾಗಾದರೆ ಪೀಠಿಕೆ ಕತ್ತರಿಸಿಬಿಡೋಣ ಅಂದೆ. ಅತ್ತಿಗೆ ಒಪ್ಪಲಿಲ್ಲ. "ಗ್ರಾಫ್ ಹೇಳ್ತು ಅಂತ ಪೀಠಿಕೆ ಬಿಡೋಕಾಗುತ್ತೇನೋ? ಪಾರಾಯಣ ಮಾಡೋರು ಮೊದಲಿಂದಾನೇ ಮಾಡ್ತಾರೆ, ನಿನ್ನ ಸ್ವಾಗತ ತೆಗಿ" ಅಂದರು. ಸರಿಯಾದ ಮಾತು. ಗ್ರಾಫ್ ಅನ್ನು ಹೊಸಬರು, ಮತ್ತೆ ಮತ್ತೆ ಬರುವವರು ಎಂದು ಬಿಡಿಸಿ ನೋಡಿದಾಗ, ಮತ್ತೆ ಬರುವವರ ಗೆರೆ ಪೀಠಿಕೆಯಲ್ಲಿ ಅಷ್ಟು ಕುಸಿದಿರಲಿಲ್ಲ. ಹಾರಿಸುತ್ತಿದ್ದವರು ಹೆಚ್ಚಾಗಿ ಹೊಸಬರು. ಸ್ವಾಗತ ತೆಗೆದೆವು, ಪೀಠಿಕೆ ಉಳಿಸಿದೆವು, ವಿವರಣೆಯಲ್ಲಿ ಅಧ್ಯಾಯಗಳನ್ನು ಹಾಕಿದೆವು:

```
00:00 ಪೂರ್ವಪೀಠಿಕೆ
04:10 ಧ್ಯಾನಶ್ಲೋಕ
05:40 ನಾಮಗಳು ಆರಂಭ
25:30 ಉತ್ತರಪೀಠಿಕೆ
```

ಮೊದಲ ಸಾಲು 00:00 ಇರಲೇಬೇಕು, ಕನಿಷ್ಠ ಮೂರು ಅಧ್ಯಾಯ ಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ಅವು ಕಾಣಿಸುವುದಿಲ್ಲ. ಅಧ್ಯಾಯ ಹಾಕಿದ ಮೇಲೆ "ವಿಶ್ವಂ" ಹತ್ತಿರದ ಏರು ಇನ್ನೂ ಚೂಪಾಗುತ್ತದೆ, ಪೀಠಿಕೆ ಭಾಗ ಇನ್ನೂ ತಗ್ಗುತ್ತದೆ. ಗಾಬರಿ ಬೇಡ. ಹುಡುಕುತ್ತಿದ್ದವರಿಗೆ ಜಾಗ ಸಿಕ್ಕಿದೆ ಅಷ್ಟೇ.

ಇನ್ನೊಂದು ಕಡೆ ಗೆರೆ ಕುಸಿಯುತ್ತಿತ್ತು, ನಾಮಗಳ ಮಧ್ಯೆ, ಸುಮ್ನೆ ಎಲ್ಲೋ. ಅದು ಜಾಹೀರಾತು ಬರುತ್ತಿದ್ದ ಜಾಗ. ಎಂಟು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೋದಲ್ಲಿ ಮಧ್ಯೆ ಜಾಹೀರಾತು ಬರುತ್ತದೆ, ಜಾಗವನ್ನು ಅದರ ಪಾಡಿಗೆ ಬಿಟ್ಟರೆ ಶ್ಲೋಕದ ನಡುವೆಯೂ ಬಂದು ಕೂರಬಹುದು. ಕೈಯಾರೆ ಎತ್ತಿ ಧ್ಯಾನಶ್ಲೋಕ ಮುಗಿದ ಕಡೆ ಇಟ್ಟೆ. ನಾಮಗಳ ಮಧ್ಯದ ಕುಸಿತ ಹೋಯಿತು.

ಜಪದ ವಿಡಿಯೋ ಬೇರೆಯದೇ ಕಥೆ. ಗೆರೆ ಮೊದಲ ನಿಮಿಷದಲ್ಲಿ ಇಳಿದು, ಆಮೇಲೆ ಮೆಲ್ಲಗೆ ಜಾರುತ್ತದೆ. ಏರಿಲ್ಲ, ತಗ್ಗಿಲ್ಲ. ನೋಡಲು ಚೆನ್ನ. ಆದರೆ ಗ್ರಾಫ್‌ಗೆ ಗೊತ್ತಾಗುವುದು ವಿಡಿಯೋ ಓಡುತ್ತಿದೆ ಅನ್ನುವುದು ಮಾತ್ರ, ಮುಂದೆ ಯಾರಾದರೂ ಕೂತಿದ್ದಾರಾ ಅನ್ನುವುದಲ್ಲ. ದೇವರ ಮನೆಯಲ್ಲಿ ಹಚ್ಚಿಟ್ಟು ಅಡುಗೆಗೆ ಹೋದವರೂ ಅದರಲ್ಲಿ ಲೆಕ್ಕ. ಅಡ್ವಾನ್ಸ್ಡ್ ಮೋಡ್‌ನಲ್ಲಿ ಸಾಧನದ ಪ್ರಕಾರ ಬಿಡಿಸಿದರೆ ವಿಷಯ ಬಿಚ್ಚಿಕೊಳ್ಳುತ್ತದೆ. ನಮಗೆ ಟಿವಿಯಲ್ಲಿ ನಿಮಿಷ ಜಾಸ್ತಿ, ಮೊಬೈಲ್‌ನಲ್ಲಿ ಕಡಿಮೆ. ಪ್ರೀಮಿಯಂ ಇಲ್ಲದವರು ಮೊಬೈಲ್ ಲಾಕ್ ಮಾಡಿದ ಕೂಡಲೇ ಹಾಡು ನಿಲ್ಲುತ್ತದೆ, ಅದಕ್ಕೆ ಇದೂ ಒಂದು ಕಾರಣ ಇರಬೇಕು. ಹಾಗಾಗಿ ಮೊಬೈಲ್‌ನ ಕಡಿಮೆ ನಿಮಿಷ ನೋಡಿ ಮಂತ್ರ ಬೇಜಾರಾಯಿತು ಅಂದುಕೊಳ್ಳಬಾರದು.

ಜಪ ಉಳಿಸಿದೆವು, ಆದರೆ ಒಂದು ದೇವರಿಗೆ ಒಂದೇ. ಅದೇ ರೆಕಾರ್ಡಿಂಗ್‌ಗೆ ಚಿತ್ರ ಬದಲಿಸಿ ವಾರಕ್ಕೊಂದು ಹಾಕುವವರಿದ್ದಾರೆ. ಒಂದೇ ಅಚ್ಚಿನ ವಿಡಿಯೋಗಳನ್ನು ರಾಶಿ ಹಾಕುವ ಚಾನೆಲ್‌ಗಳಿಗೆ ಹಣ ಬರುವುದನ್ನು ಯೂಟ್ಯೂಬ್ ನಿಲ್ಲಿಸಬಹುದು, 2025ರ ಜುಲೈನಲ್ಲಿ ಆ ನಿಯಮದ ಮಾತನ್ನು ಇನ್ನಷ್ಟು ಸ್ಪಷ್ಟ ಮಾಡಿದರು. ಸಮತಟ್ಟಾದ ಗೆರೆ ನಿಮ್ಮನ್ನು ಅದರಿಂದ ಕಾಪಾಡುವುದಿಲ್ಲ.

ವ್ರತಕಥೆ ನನಗೆ ಇಷ್ಟ, ನಿಜ ಹೇಳಬೇಕೆಂದರೆ. ಗ್ರಾಫ್‌ಗೆ ಇಷ್ಟ ಇಲ್ಲ. ಇಳಿಜಾರು ನಿಲ್ಲುವುದೇ ಇಲ್ಲ, ಎಲ್ಲೂ ಮತ್ತೆ ಏರುವುದಿಲ್ಲ. ಅಂದರೆ ಇವರು ಹಾರಿಸುತ್ತಿಲ್ಲ, ಹೊರಡುತ್ತಿದ್ದಾರೆ. ಒಂದೇ ಒಂದು ಕಥೆ ಬೇರೆ ಥರ ಕಂಡಿತು, ವರಮಹಾಲಕ್ಷ್ಮಿ ವ್ರತದ್ದು. ಅದರಲ್ಲಿ ಕೊನೆಗೆ ಕಲಶ ಕೂರಿಸುವ ಕ್ರಮ ತೋರಿಸಿದ್ದೆವು. ಕಥೆ ಇರುವಷ್ಟು ಹೊತ್ತು ಗೆರೆ ತಗ್ಗು, ಕಲಶ ಬಂದ ಕೂಡಲೇ ಎದ್ದು ನಿಂತಿದೆ. ಬಂದವರಲ್ಲಿ ಹೆಚ್ಚಿನವರು ಸರ್ಚ್‌ನಿಂದ ಬಂದವರು, ಅವರು ಹುಡುಕಿದ್ದು ಪೂಜಾ ವಿಧಾನ. ಕಥೆ ಅವರಿಗೆ ದಾಟಿಕೊಂಡು ಹೋಗಬೇಕಾದ ಅಡ್ಡಿ. ಕಥೆಯ ಸರಣಿ ನಿಲ್ಲಿಸಿದೆವು. ಪೂಜಾ ವಿಧಾನವನ್ನು ಬೇರೆ ವಿಡಿಯೋ ಮಾಡಿ ಹಬ್ಬಕ್ಕೆ ಮುಂಚೆಯೇ ಹಾಕುತ್ತೇವೆ, ಕಥೆ ಅದರ ಕೊನೆಯಲ್ಲಿ, ಪೂಜೆಯಲ್ಲಿ ಕಥೆ ಓದುವ ಜಾಗದಲ್ಲೇ, ಇರುತ್ತದೆ. ಅಲ್ಲಿ ಅದನ್ನು ಕೇಳುವವರು ಇದ್ದಾರೆ.

ಶಾರ್ಟ್ಸ್ ಬಗ್ಗೆ ಉದ್ದ ಮಾತು ಬೇಡ. 2025ರ ಮಾರ್ಚ್ ಕೊನೆಯಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ವ್ಯೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಆ ಸಂಖ್ಯೆ ಪಕ್ಕಕ್ಕಿಡಿ. ನೋಡಿದವರು ಎಷ್ಟು, ಮೇಲಕ್ಕೆ ತಳ್ಳಿ ಹೋದವರು ಎಷ್ಟು ಅನ್ನುವುದನ್ನು ನೋಡಿ. ಒಂದು ಶ್ಲೋಕ ಪೂರ್ತಿ ಹಾಡಿದ್ದು ನಿಂತಿತು, ದೇವಸ್ಥಾನದ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಹಾಕಿದ್ದು ನಿಲ್ಲಲಿಲ್ಲ. ಜಾಹೀರಾತಿನ ಹಣ ಶುರುವಾಗಲು ಬೇಕಾದ 4,000 ಗಂಟೆಗೆ ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಹೊತ್ತು ಸೇರುವುದೂ ಇಲ್ಲ. ಅದಕ್ಕೇ ಶಾರ್ಟ್ಸ್‌ಗೆ ಅಂತ ಬೇರೆ ಶೂಟಿಂಗ್ ಇಲ್ಲ. ಸಹಸ್ರನಾಮದ ಗ್ರಾಫ್‌ನಲ್ಲಿ ಎಲ್ಲಿ ಏರು ಕಾಣುತ್ತದೋ ಆ ಶ್ಲೋಕ ಕತ್ತರಿಸಿ, ಪೂರ್ತಿ ವಿಡಿಯೋದ ಲಿಂಕ್ ಸೇರಿಸಿ ಹಾಕುತ್ತೇವೆ.